ತಿದ್ದಲಾಗದ ಮೊದಲ ಸಾಲುಗಳು

ಐಫೋನಿನ ಗುಂಡಿ ಒತ್ತಿ ಆನ್ ಮಾಡಿದಾಗ ಪ್ರೊಸೆಸರ್ ಮೊದಲು ಓದುವುದು ಮೆಮೊರಿಯಲ್ಲಿರುವ ಐಓಎಸ್ ತಂತ್ರಾಂಶವನ್ನಲ್ಲ. ಚಿಪ್ಪಿನ ಒಳಗೇ ಇರುವ ಬೂಟ್ ರಾಮ್ ಎಂಬ ಪುಟ್ಟ ಪ್ರೋಗ್ರಾಮನ್ನು. ಚಿಪ್ ತಯಾರಾಗುವಾಗಲೇ ಸಿಲಿಕಾನಿನಲ್ಲಿ ಮೂಡಿಬಿಟ್ಟಿರುವ ಇದನ್ನು ಆಮೇಲೆ ಯಾರೂ ಬದಲಿಸಲಾರರು, ಆಪಲ್ ಕೂಡ.

ಇದರ ಕೆಲಸ ಮುಂದಿನ ಹಂತದ ಪ್ರೋಗ್ರಾಮನ್ನು ತಂದು, ಅದರ ಮೇಲಿನ ಡಿಜಿಟಲ್ ಸಹಿಯನ್ನು ಪರೀಕ್ಷಿಸುವುದು. ಸಹಿ ಹಾಕುವ ಗುಪ್ತ ಕೀಲಿ ಆಪಲ್ ಬಳಿ ಭದ್ರವಾಗಿರುತ್ತದೆ. ಬೂಟ್ ರಾಮ್‌ನಲ್ಲಿರುವುದು ಅದಕ್ಕೆ ಹೊಂದುವ ಬಹಿರಂಗ ಕೀಲಿ ಮಾತ್ರ. ಅದರಿಂದ ಸಹಿಯನ್ನು ಪರೀಕ್ಷಿಸಬಹುದು, ಹೊಸದಾಗಿ ಹಾಕಲಾಗದು. ಪ್ರೋಗ್ರಾಮಿನಲ್ಲಿ ಒಂದು ಅಕ್ಷರ ಬದಲಾಗಿದ್ದರೂ ಸಹಿ ತಾಳೆಯಾಗುವುದಿಲ್ಲ, ಫೋನ್ ಮುಂದೆ ಹೋಗುವುದಿಲ್ಲ. ತಾಳೆಯಾದರೆ ಆ ಹಂತ ತನ್ನ ಮುಂದಿನದನ್ನು ಪರೀಕ್ಷಿಸುತ್ತದೆ. ಆದರೆ ಬೂಟ್ ರಾಮ್ ಅನ್ನು ಪರೀಕ್ಷಿಸುವವರು ಯಾರೂ ಇಲ್ಲ. ನಂಬಿಕೆ ಶುರುವಾಗುವುದೇ ಅಲ್ಲಿಂದ.

ಅಲ್ಲೇ ತಪ್ಪಿದ್ದರೆ? 2019ರ ಸೆಪ್ಟೆಂಬರಿನಲ್ಲಿ axi0mX ಎಂಬ ಹೆಸರಿನ ಸಂಶೋಧಕರು ಅಂಥದ್ದೊಂದು ತಪ್ಪನ್ನು ಬಹಿರಂಗಪಡಿಸಿದರು. ಅದನ್ನು ಬಳಸುವ ದಾಳಿಗೆ checkm8 ಎಂದು ಹೆಸರಿಟ್ಟರು. ಕೆಟ್ಟ ಫೋನಿಗೆ ಯುಎಸ್‌ಬಿ ಮೂಲಕ ಹೊಸ ತಂತ್ರಾಂಶ ತುಂಬಲು ಬೂಟ್ ರಾಮ್‌ನಲ್ಲಿ ಡಿಎಫ್‌ಯು ಎಂಬ ವ್ಯವಸ್ಥೆಯಿದೆ. ಬಂದ ದತ್ತಾಂಶ ಇಡಲು ಅದು ಮೆಮೊರಿಯಲ್ಲಿ ಸ್ವಲ್ಪ ಜಾಗ ಹಿಡಿದುಕೊಳ್ಳುತ್ತದೆ. ವರ್ಗಾವಣೆ ನಡುವೆಯೇ ನಿಂತರೆ ಆ ಜಾಗವನ್ನು ಬಿಟ್ಟುಕೊಡುತ್ತದೆ, ಆದರೆ ಅದರ ವಿಳಾಸವನ್ನು ಅಳಿಸುವುದಿಲ್ಲ. ಮತ್ತೆ ಡಿಎಫ್‌ಯು ಶುರುವಾದಾಗ ಹಳೆಯ ವಿಳಾಸಕ್ಕೇ ಬರೆಯಲು ಸಾಧ್ಯ. ಅಷ್ಟರಲ್ಲಿ ಆ ಜಾಗದಲ್ಲಿ ಬೇರೇನೋ ಬಂದು ಕೂತಿರುತ್ತದೆ. ಅದನ್ನು ಜಾಣತನದಿಂದ ತಿದ್ದಿ ಬರೆದರೆ ಸಹಿಯಿಲ್ಲದ ಪ್ರೋಗ್ರಾಮನ್ನೂ ಓಡಿಸಬಹುದು.

ಐಫೋನ್ 4ಎಸ್‌ನಿಂದ ಐಫೋನ್ ಎಕ್ಸ್‌ವರೆಗಿನ ಫೋನುಗಳಲ್ಲಿ ಈ ತಪ್ಪಿತ್ತು. ಯಾವ ಅಪ್‌ಡೇಟೂ ಅದನ್ನು ಸರಿಪಡಿಸಲಾರದು. ಬೇರೆ ಚಿಪ್ ಇರುವ ಹೊಸ ಫೋನೇ ಬೇಕು.

ಆದರೂ ಈ ವಿನ್ಯಾಸ ಸೋತಿತೆಂದು ನನಗನ್ನಿಸುವುದಿಲ್ಲ. ಬೂಟ್ ರಾಮ್ ಅನ್ನು ಆಪಲ್ ತಿದ್ದಲಾರದು ನಿಜ, ದಾಳಿಕಾರನೂ ತಿದ್ದಲಾರ. checkm8 ಬದಲಿಸುವುದು ತಾತ್ಕಾಲಿಕ ಮೆಮೊರಿಯನ್ನು ಮಾತ್ರ. ರೀಸ್ಟಾರ್ಟ್ ಮಾಡಿದರೆ ಅದು ಅಳಿಸಿಹೋಗಿ, ಸಹಿ ಪರೀಕ್ಷೆ ಮೊದಲಿನಿಂದ ನಡೆಯುತ್ತದೆ. ದಾಳಿಗೆ ಫೋನ್ ಕೈಗೆ ಸಿಗಬೇಕು, ಕೇಬಲ್ ಚುಚ್ಚಬೇಕು. ಇಷ್ಟಾದರೂ ಪಾಸ್‌ಕೋಡ್ ತಾನಾಗಿ ಬಯಲಾಗುವುದಿಲ್ಲ. 5ಎಸ್‌ನಿಂದೀಚೆಗಿನ ಫೋನುಗಳಲ್ಲಿ ಅದನ್ನು ಕಾಯಲು ಸೆಕ್ಯೂರ್ ಎನ್‌ಕ್ಲೇವ್ ಎಂಬ ಪ್ರತ್ಯೇಕ ಪ್ರೊಸೆಸರ್ ಇದೆ.

ನಿಮ್ಮಲ್ಲಿ ಐಫೋನ್ 8 ಅಥವಾ ಎಕ್ಸ್ ಇದ್ದು, ಅದು ಅಪರಿಚಿತರ ಕೈಗೆ ಹೋಗಿ ಬಂದಿದ್ದರೆ, ಪಾಸ್‌ಕೋಡ್ ಒತ್ತುವ ಮೊದಲು ಹೀಗೆ ಮಾಡಿ: ವಾಲ್ಯೂಮ್ ಹೆಚ್ಚಿಸುವ ಗುಂಡಿಯನ್ನು ಒಮ್ಮೆ, ತಗ್ಗಿಸುವುದನ್ನು ಒಮ್ಮೆ ಒತ್ತಿ ಬಿಟ್ಟು, ಪಕ್ಕದ ಗುಂಡಿಯನ್ನು ಆಪಲ್ ಚಿಹ್ನೆ ಕಾಣುವವರೆಗೆ ಒತ್ತಿ ಹಿಡಿಯಿರಿ.