ಭಾಗಿಸಿ ಗುಣಿಸುವ ಸರ್ಕ್ಯೂಟ್

ಬೆಂಗಳೂರಿನಲ್ಲಿ ಕಾರ್ ರೇಡಿಯೋದ ಗುಂಡಿ ಒತ್ತಿ 101.3ಕ್ಕೆ ತಂದರೆ ಆಕಾಶವಾಣಿಯ ಎಫ್‌ಎಂ ರೇನ್‌ಬೋ ಸಿಗುತ್ತದೆ, 102.9ಕ್ಕೆ ತಂದರೆ ವಿವಿಧ ಭಾರತಿ. ಮುಳ್ಳು ಓಡಿಸುವ ಹಳೆಯ ಸೆಟ್ಟುಗಳಲ್ಲಿ ಸ್ಟೇಷನ್ ಹಿಡಿಯುವುದು ಒಂದು ಕೆಲಸವಾದರೆ, ಹಿಡಿದದ್ದನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಸೆಟ್ಟು ಬಿಸಿಯಾಗುತ್ತಿದ್ದಂತೆ ದನಿ ಒಡೆಯಲು ಶುರುವಾಗುತ್ತಿತ್ತು, ಯಾರಾದರೂ ಎದ್ದು ಹೋಗಿ ತಿರುಪು ತಿರುಗಿಸಬೇಕಿತ್ತು. ಅಂಕಿ ತೋರಿಸುವ ರೇಡಿಯೋದಲ್ಲಿ ಈ ರಗಳೆ ಇಲ್ಲ. ಅದರೊಳಗೆ ಫೇಸ್ ಲಾಕ್ಡ್ ಲೂಪ್ ಎಂಬ ಸರ್ಕ್ಯೂಟ್ ಕಾವಲು ಕೂತಿರುತ್ತದೆ. ಎಲೆಕ್ಟ್ರಾನಿಕ್ಸ್‌ನವರು ಚುಟುಕಾಗಿ ಪಿಎಲ್‌ಎಲ್ ಎನ್ನುತ್ತಾರೆ.

ರೇಡಿಯೋ ಒಳಗೆ ತನ್ನದೇ ಒಂದು ಆಸಿಲೇಟರ್ ಇರುತ್ತದೆ. ಸಾಂಪ್ರದಾಯಿಕ ಎಫ್‌ಎಂ ಸೆಟ್ಟಿನಲ್ಲಿ ಅದು ಬೇಕಾದ ಸ್ಟೇಷನ್ನಿಗಿಂತ 10.7 ಮೆಗಾಹರ್ಟ್ಸ್ ಮೇಲೆ ಕಂಪಿಸಬೇಕು. ಆಗ ಇವೆರಡರ ವ್ಯತ್ಯಾಸ ಯಾವಾಗಲೂ 10.7 ಆಗಿ, ಮುಂದಿನ ಭಾಗಗಳೆಲ್ಲ ಆ ಒಂದೇ ಫ್ರೀಕ್ವೆನ್ಸಿಯ ಮೇಲೆ ಕೆಲಸ ಮಾಡಬಹುದು. ಅಂದರೆ 101.3 ಕೇಳಬೇಕಾದರೆ ಒಳಗಿನ ಆಸಿಲೇಟರ್ 112.0 ಮೆಗಾಹರ್ಟ್ಸ್‌ನಲ್ಲಿರಬೇಕು, ಸೆಕೆಂಡಿಗೆ ಹನ್ನೊಂದು ಕೋಟಿ ಇಪ್ಪತ್ತು ಲಕ್ಷ ಕಂಪನ. ಕಾಯಿಲ್ ಮತ್ತು ಕೆಪಾಸಿಟರ್ ಜೋಡಿಸಿ ಇಷ್ಟು ವೇಗದ ಆಸಿಲೇಟರ್ ಮಾಡುವುದು ಸುಲಭ. ಅದನ್ನು ನಂಬುವುದು ಮಾತ್ರ ಕಷ್ಟ. ಬಿಸಿಲಿಗೆ ಅದರ ಫ್ರೀಕ್ವೆನ್ಸಿ ಶೇಕಡಾ 0.1ರಷ್ಟು ಅತ್ತಿತ್ತ ಆದರೂ 112 ಕಿಲೋಹರ್ಟ್ಸ್ ತಪ್ಪಿದಂತಾಯಿತು, ಸ್ಟೇಷನ್ ಕೈಬಿಟ್ಟು ಹೋಗುವುದಕ್ಕೆ ಅಷ್ಟು ಸಾಕು.

ನಂಬಿಕೆಗೆ ಹೆಸರಾದದ್ದು ಕ್ವಾರ್ಟ್ಜ್ ಕ್ರಿಸ್ಟಲ್. ಹತ್ತು ಲಕ್ಷಕ್ಕೆ ಮೂವತ್ತರಷ್ಟು ಮಾತ್ರ ತಪ್ಪುವ ಕ್ರಿಸ್ಟಲ್ಲು ಅಗ್ಗದ ಬೆಲೆಗೆ ಸಿಗುತ್ತದೆ. ಹಾಗಾದರೆ 112 ಮೆಗಾಹರ್ಟ್ಸ್‌ನ ಕ್ರಿಸ್ಟಲ್ಲನ್ನೇ ಹಾಕಬಾರದೇಕೆ? ಒಂದು ಕಾರಣ, ಕ್ರಿಸ್ಟಲ್ಲಿನ ಬಿಲ್ಲೆ ತೆಳುವಾದಷ್ಟೂ ಅದರ ಕಂಪನ ಹೆಚ್ಚು. 7.2 ಮೆಗಾಹರ್ಟ್ಸ್‌ಗೆ ಬಿಲ್ಲೆಯ ದಪ್ಪ ಸುಮಾರು 0.23 ಮಿಲಿಮೀಟರ್. ನೇರವಾಗಿ 112ಕ್ಕೆ ಕಂಪಿಸಬೇಕೆಂದರೆ 0.015 ಮಿಲಿಮೀಟರಿಗೆ ಅರೆಯಬೇಕು, ಅದು ತಲೆಗೂದಲಿಗಿಂತ ಎಷ್ಟೋ ತೆಳು. ಎರಡನೆಯ ಕಾರಣ ಇನ್ನೂ ಸರಳ: ಕ್ರಿಸ್ಟಲ್ಲು ತನ್ನ ಫ್ರೀಕ್ವೆನ್ಸಿ ಬಿಟ್ಟು ಕದಲುವುದಿಲ್ಲ, ಆದ್ದರಿಂದ ಪ್ರತಿ ಸ್ಟೇಷನ್ನಿಗೂ ಒಂದೊಂದು ಕ್ರಿಸ್ಟಲ್ ಬೇಕಾಗುತ್ತದೆ.

ಹೀಗೆ ಒಂದು ಕಡೆ ವೇಗವಿದ್ದೂ ಶಿಸ್ತಿಲ್ಲದ ಆಸಿಲೇಟರ್, ಇನ್ನೊಂದು ಕಡೆ ಶಿಸ್ತಿದ್ದೂ ನಿಧಾನವಾದ ಕ್ರಿಸ್ಟಲ್. ಮೊದಲನೆಯದನ್ನು ಎರಡನೆಯದರ ಹತೋಟಿಗೆ ಒಪ್ಪಿಸುವುದೇ ಪಿಎಲ್‌ಎಲ್. ಇದರ ಮೂಲ ಕಲ್ಪನೆಯನ್ನು ಫ್ರಾನ್ಸಿನ ಎಂಜಿನಿಯರ್ ಆನ್ರಿ ದ ಬೆಲ್ಸೀಜ್ 1932ರಲ್ಲೇ ಪ್ರಕಟಿಸಿದ್ದರು. ಅಗ್ಗದ ಚಿಪ್ಪಾಗಿ ಮನೆಮನೆಗೆ ಬರುವುದಕ್ಕೆ ಮಾತ್ರ ದಶಕಗಳೇ ಬೇಕಾದವು.

ಪಿಎಲ್‌ಎಲ್ ಫ್ರೀಕ್ವೆನ್ಸಿಯನ್ನು ಗುಣಿಸುತ್ತದೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಸರ್ಕ್ಯೂಟ್ ಬಿಚ್ಚಿ ನೋಡಿದರೆ ಗುಣಿಸುವ ಭಾಗ ಎಲ್ಲೂ ಕಾಣುವುದಿಲ್ಲ. ಅಲ್ಲಿರುವುದು ಭಾಗಿಸುವ ಕೌಂಟರ್‌ಗಳು ಮಾತ್ರ. ಕ್ರಿಸ್ಟಲ್ಲಿನ 7.2 ಮೆಗಾಹರ್ಟ್ಸನ್ನು ಒಂದು ಕೌಂಟರ್ 72ರಿಂದ ಭಾಗಿಸಿ 100 ಕಿಲೋಹರ್ಟ್ಸ್ ಮಾಡುತ್ತದೆ. ಇದು ರೆಫರೆನ್ಸ್ ಕ್ಲಾಕ್, ಎಲ್ಲಕ್ಕೂ ಅಳತೆಗೋಲು. ಇತ್ತ ವೇಗದ ಆಸಿಲೇಟರಿನ ಕಂಪನಗಳನ್ನು ಇನ್ನೊಂದು ಕೌಂಟರ್ ಎಣಿಸುತ್ತ, ಪ್ರತಿ 1120 ಕಂಪನಕ್ಕೆ ಒಂದು ಪಲ್ಸ್ ಹೊರಗೆ ಬಿಡುತ್ತದೆ. ಈ ಎರಡು ಪಲ್ಸ್‌ಸಾಲುಗಳೂ ಒಂದೇ ಹೆಜ್ಜೆಯಲ್ಲಿ ಬರುವಂತೆ ನೋಡಿಕೊಳ್ಳುವುದಷ್ಟೇ ಲೂಪಿನ ಕೆಲಸ. 1120ರಿಂದ ಭಾಗಿಸಿದ ಮೇಲೆ 100 ಕಿಲೋಹರ್ಟ್ಸ್ ಬರಬೇಕಾದರೆ ಭಾಗಿಸುವ ಮೊದಲು ಅದು 112 ಮೆಗಾಹರ್ಟ್ಸ್ ಇರಲೇಬೇಕಲ್ಲ! ಗುಣಾಕಾರ ಆದದ್ದು ಹೀಗೆ.

ಹೆಜ್ಜೆ ಕೂಡಿಸುವ ಕೆಲಸ ಫೇಸ್ ಡಿಟೆಕ್ಟರಿನದು. ಅದಕ್ಕೆ ಎರಡು ಒಳದಾರಿ, ಒಂದರಲ್ಲಿ ರೆಫರೆನ್ಸ್ ಪಲ್ಸ್, ಇನ್ನೊಂದರಲ್ಲಿ ಕೌಂಟರಿನ ಪಲ್ಸ್. ಯಾವುದು ಮೊದಲು ಬಂತು, ಎಷ್ಟು ಮೊದಲು ಬಂತು ಎಂಬುದಷ್ಟೇ ಅದಕ್ಕೆ ಬೇಕು. ರೆಫರೆನ್ಸ್ ಮೊದಲು ಬಂದರೆ, ಇನ್ನೊಂದು ಬರುವ ತನಕ ಅದು ಒಂದು ಕೆಪಾಸಿಟರಿಗೆ ಕರೆಂಟ್ ತುಂಬುತ್ತದೆ. ಕೌಂಟರಿನದು ಮೊದಲು ಬಂದರೆ ಅಷ್ಟೇ ಹೊತ್ತು ಕರೆಂಟ್ ಹೊರಗೆಳೆಯುತ್ತದೆ. ಕೆಪಾಸಿಟರಿನ ಮೇಲೆ ನಿಂತ ವೋಲ್ಟೇಜು ಆಸಿಲೇಟರಿನ ವ್ಯಾರಾಕ್ಟರ್ ಡಯೋಡಿಗೆ ಹೋಗುತ್ತದೆ. ವೋಲ್ಟೇಜ್ ಏರಿದಂತೆ ಆ ಡಯೋಡಿನ ಕೆಪಾಸಿಟೆನ್ಸ್ ಇಳಿದು ಆಸಿಲೇಟರ್ ಚುರುಕಾಗುತ್ತದೆ. ಆಸಿಲೇಟರಿನಿಂದ ಕೌಂಟರಿಗೆ, ಕೌಂಟರಿನಿಂದ ಡಿಟೆಕ್ಟರಿಗೆ, ಅಲ್ಲಿಂದ ಕೆಪಾಸಿಟರ್ ಮೂಲಕ ಮತ್ತೆ ಆಸಿಲೇಟರಿಗೆ. ಇದೇ ಲೂಪ್.

ಈಗ ಸ್ಟೇಷನ್ ಬದಲಾಯಿಸೋಣ. 102.9 ಬೇಕಾದರೆ ಆಸಿಲೇಟರ್ 113.6 ಮೆಗಾಹರ್ಟ್ಸ್‌ಗೆ ಏರಬೇಕು. ಗುಂಡಿ ಒತ್ತಿದಾಗ ರೇಡಿಯೋದ ಪ್ರೊಸೆಸರ್ ಮಾಡುವುದು ಇಷ್ಟೇ, ಕೌಂಟರಿನ ಅಂಕಿಯನ್ನು 1120ರಿಂದ 1136ಕ್ಕೆ ಬದಲಿಸುತ್ತದೆ. ಆಸಿಲೇಟರಿಗೆ ಇನ್ನೂ ವಿಷಯ ಗೊತ್ತಿಲ್ಲ, ಅದು 112ರಲ್ಲೇ ಇದೆ. ಆದರೆ ಈಗ ಅದರ ಪಲ್ಸ್ ಬರುವುದು 10 ಮೈಕ್ರೋಸೆಕೆಂಡಿಗೊಮ್ಮೆ ಅಲ್ಲ, 10.14 ಮೈಕ್ರೋಸೆಕೆಂಡಿಗೊಮ್ಮೆ. ಮೊದಲ ಪಲ್ಸ್ 0.14ರಷ್ಟು ತಡ, ಎರಡನೆಯದು 0.28ರಷ್ಟು, ಮೂರನೆಯದು 0.42ರಷ್ಟು. ತಡವಾದಷ್ಟೂ ಕೆಪಾಸಿಟರಿಗೆ ಕರೆಂಟ್ ಹೆಚ್ಚು ಹೊತ್ತು ಹರಿಯುತ್ತದೆ, ವೋಲ್ಟೇಜ್ ಏರುತ್ತದೆ, ಆಸಿಲೇಟರ್ ಮೇಲೇರತೊಡಗುತ್ತದೆ.

ಅದು 113.6 ತಲುಪಿದ ಗಳಿಗೆಯಲ್ಲಿ ಕೆಲಸ ಮುಗಿಯಿತೇ? ಇಲ್ಲ. ಮೈದಾನದ ಸುತ್ತ ಇಬ್ಬರು ನಡೆಯುತ್ತಿದ್ದಾರೆ ಎಂದುಕೊಳ್ಳಿ. ಹಿಂದೆ ಬಿದ್ದವನು ಮುಂದಿನವನ ವೇಗಕ್ಕೆ ಸರಿಯಾಗಿ ನಡೆದರೆ ಅಂತರ ಬೆಳೆಯುವುದು ನಿಲ್ಲುತ್ತದೆಯೇ ಹೊರತು ಹೋಗುವುದಿಲ್ಲ. ಅದು ಹೋಗಬೇಕಾದರೆ ಅವನು ಸ್ವಲ್ಪ ಹೊತ್ತು ಇನ್ನೂ ಬಿರುಸಾಗಿ ನಡೆದು, ಹತ್ತಿರ ಬಂದ ಮೇಲೆ ವೇಗ ತಗ್ಗಿಸಬೇಕು. ಆಸಿಲೇಟರ್ ಕೂಡ ಹಾಗೆಯೇ 113.6 ದಾಟಿ ಮೇಲೆ ಹೋಗಿ, ಬಾಕಿ ತೀರಿಸಿ, ಒಂದೆರಡು ಸಲ ಮೇಲೆ ಕೆಳಗೆ ಆಡಿ ನಿಲ್ಲುತ್ತದೆ. ಇಷ್ಟು ಆಗುವವರೆಗೆ ರೇಡಿಯೋ ಸ್ಪೀಕರಿನ ಬಾಯಿ ಮುಚ್ಚಿಸಿರುತ್ತದೆ. ಸ್ಟೇಷನ್ ಬದಲಿಸುವಾಗಿನ ಆ ಪುಟ್ಟ ಮೌನದಲ್ಲಿ ಈ ಓಟವೂ ಸೇರಿದೆ.

ಫ್ರೀಕ್ವೆನ್ಸಿಯನ್ನು ಬಿಟ್ಟು ಫೇಸನ್ನು ಹೋಲಿಸುವುದರ ಲಾಭವೂ ಇಲ್ಲೇ ಇದೆ. ಫೇಸ್ ಅಂದರೆ ಸುತ್ತಿನಲ್ಲಿ ಎಲ್ಲಿದ್ದೇವೆ ಎಂಬ ಲೆಕ್ಕ, ಫ್ರೀಕ್ವೆನ್ಸಿ ಅಂದರೆ ಆ ಸುತ್ತಿನ ವೇಗ. ವೇಗಗಳಲ್ಲಿ ಎಷ್ಟು ಸಣ್ಣ ವ್ಯತ್ಯಾಸ ಇದ್ದರೂ ಅಂತರ ದಿನವಿಡೀ ಕೂಡುತ್ತ ಹೋಗಿ ಕೊನೆಗೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅಂತರ ಬದಲಾಗದೆ ನಿಂತಿದೆ ಎಂದರೆ ವೇಗಗಳು ಸರಾಸರಿಯಲ್ಲಿ ಅಕ್ಷರಶಃ ಒಂದೇ. ಹಾಗಾಗಿ ಲಾಕ್ ಆದ ಆಸಿಲೇಟರಿನ ತಪ್ಪು, ಪ್ರಮಾಣದ ಲೆಕ್ಕದಲ್ಲಿ, ಕ್ರಿಸ್ಟಲ್ಲಿನ ತಪ್ಪಿಗಿಂತ ಎಳ್ಳಷ್ಟೂ ಹೆಚ್ಚಲ್ಲ. ಹತ್ತು ಲಕ್ಷಕ್ಕೆ ಮೂವತ್ತು ಎಂದರೆ 112 ಮೆಗಾಹರ್ಟ್ಸ್‌ನಲ್ಲಿ ಸುಮಾರು 3.4 ಕಿಲೋಹರ್ಟ್ಸ್. ಎಫ್‌ಎಂ ಪ್ರಸಾರ ತಾನೇ 75 ಕಿಲೋಹರ್ಟ್ಸ್‌ನಷ್ಟು ಆಚೀಚೆ ತೂಗುವಾಗ ಅದು ಲೆಕ್ಕಕ್ಕೇ ಇಲ್ಲ.

ಕೆಪಾಸಿಟರಿನ ಬಗ್ಗೆ ಹೇಳಿದೆ, ಆದರೆ ಅದೊಂದೇ ಇದ್ದರೆ ಈ ಲೂಪ್ ನಡೆಯುವುದಿಲ್ಲ. ಬಾಕಿ ತೀರಿಸಲು ಮೇಲೆ ಹೋದ ಆಸಿಲೇಟರ್ ಅಷ್ಟೇ ರಭಸದಲ್ಲಿ ಕೆಳಗೆ ಬಂದು, ಮತ್ತೆ ಮೇಲೆ ಹೋಗಿ, ತೂಗಾಟ ನಿಲ್ಲುವುದೇ ಇಲ್ಲ. ಅದಕ್ಕೆ ಕೆಪಾಸಿಟರಿನ ಜೊತೆ ಸಾಲಿನಲ್ಲಿ ಒಂದು ರೆಸಿಸ್ಟರ್ ಹಾಕುತ್ತಾರೆ. ಕರೆಂಟ್ ಹರಿಯುವಷ್ಟು ಹೊತ್ತು ರೆಸಿಸ್ಟರಿನ ಮೇಲೆ ಥಟ್ಟನೆ ವೋಲ್ಟೇಜ್ ಎದ್ದು ಆಸಿಲೇಟರಿಗೆ ಒಂದು ಗುದ್ದು ಕೊಡುತ್ತದೆ, ನಿಂತಾಕ್ಷಣ ಇಳಿಯುತ್ತದೆ. ಈ ತಾತ್ಕಾಲಿಕ ಗುದ್ದು ಫೇಸಿನ ಬಾಕಿಯನ್ನು ತೀರಿಸುತ್ತದೆ, ಕೆಪಾಸಿಟರಿನಲ್ಲಿ ಉಳಿದ ವೋಲ್ಟೇಜ್ ಫ್ರೀಕ್ವೆನ್ಸಿಯನ್ನು ಹಿಡಿದಿಡುತ್ತದೆ. ಒಂದು ಪೈಸೆಯಷ್ಟೂ ಗೌರವ ಸಿಗದ ಆ ರೆಸಿಸ್ಟರ್ ಇಲ್ಲದಿದ್ದರೆ ಪಿಎಲ್‌ಎಲ್ ಎಂಬುದೇ ಇಲ್ಲ.

ಲೂಪ್ ಎಷ್ಟು ಚುರುಕಾಗಿರಬೇಕು ಎಂಬುದರಲ್ಲಿ ಮಾತ್ರ ರಾಜಿ ತಪ್ಪಿದ್ದಲ್ಲ. ತುಂಬ ಚುರುಕಾದರೆ, ಸೆಕೆಂಡಿಗೆ ಲಕ್ಷ ಸಲ ನಡೆಯುವ ತಿದ್ದುಪಡಿಯ ಗುರುತು ವೋಲ್ಟೇಜಿನ ಮೇಲೇ ಉಳಿದು, ಆಸಿಲೇಟರಿನ ಎರಡೂ ಪಕ್ಕದಲ್ಲಿ 100 ಕಿಲೋಹರ್ಟ್ಸ್ ದೂರಕ್ಕೆ ಬೇಡದ ಮರಿ ಸಿಗ್ನಲ್‌ಗಳು ಹುಟ್ಟುತ್ತವೆ. ಪಕ್ಕದ ಸ್ಟೇಷನ್ ಒಳಗೆ ನುಗ್ಗಲು ಅದೇ ದಾರಿ. ತೀರಾ ಮಂದವಾದರೆ ಆಸಿಲೇಟರಿನ ಸ್ವಂತ ನಡುಕವನ್ನು ತಿದ್ದಲು ಲೂಪಿಗೆ ಪುರಸೊತ್ತಿಲ್ಲ. ಕಾರು ಗುಂಡಿಗೆ ಬಿದ್ದಾಗ ಕಾಯಿಲ್ ಅಲುಗಿದ್ದೂ ದನಿಯಾಗಿ ಕೇಳೀತು. ಟ್ಯೂನರ್ ಕಾಯಿಲ್‌ಗಳಿಗೆ ಮೇಣ ಹಾಕಿ ಕೂರಿಸುವುದು ಅದಕ್ಕೇ. ಲೂಪಿನ ಬ್ಯಾಂಡ್‌ವಿಡ್ತ್ ರೆಫರೆನ್ಸಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಎಂಬುದು ವಿನ್ಯಾಸಕಾರರ ರೂಢಿ. ಇನ್ನೊಂದು ವಿಷಯ, 1120ರಿಂದ ಗುಣಿಸಿದಾಗ ರೆಫರೆನ್ಸಿನ ಫೇಸ್ ನಡುಕವೂ 1120 ಪಟ್ಟಾಗುತ್ತದೆ. ಕಳಪೆ ರೆಫರೆನ್ಸನ್ನು ಪಿಎಲ್‌ಎಲ್ ಶುದ್ಧ ಮಾಡಿಕೊಡುತ್ತದೆ ಎಂದು ಎಣಿಸಬಾರದು.

ಕಂಪ್ಯೂಟರ್ ಚಿಪ್ಪುಗಳಲ್ಲಿಯೂ ಇದೇ ವ್ಯವಸ್ಥೆ. ವಿದ್ಯಾರ್ಥಿಗಳ ಮೇಜಿನ ಮೇಲೆ ಕಾಣುವ STM32F103 ಚಿಪ್ಪು 8 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನು 9ರಿಂದ ಗುಣಿಸಿ 72 ಮೆಗಾಹರ್ಟ್ಸ್ ಮಾಡಿಕೊಳ್ಳುತ್ತದೆ. ಅಲ್ಲಿಯೂ ಲಾಕ್ ಆಗಲು ಸಮಯ ಬೇಕು. PLLRDY ಎಂಬ ಬಿಟ್ 1 ಆಗುವವರೆಗೆ ಪ್ರೋಗ್ರಾಮ್ ಹಳೆಯ ಕ್ಲಾಕಿನಲ್ಲೇ ಕಾಯುತ್ತದೆ.

ರೇಡಿಯೋ ರಿಪೇರಿಯವರಿಗೆ ಈ ಲೂಪಿನ ಆರೋಗ್ಯ ನೋಡಲು ಒಂದು ಮಲ್ಟಿಮೀಟರ್ ಸಾಕು. ವ್ಯಾರಾಕ್ಟರಿಗೆ ಹೋಗುವ ಟ್ಯೂನಿಂಗ್ ವೋಲ್ಟೇಜ್ ಅಳೆಯಿರಿ. ಲಾಕ್ ಆಗಿದ್ದರೆ ಅದು ನಡುವೆ ಎಲ್ಲೋ ಅಲುಗದೆ ನಿಂತಿರುತ್ತದೆ, ಸ್ಟೇಷನ್ ಮೇಲಕ್ಕೆ ಬದಲಿಸಿದರೆ ತಾನೂ ಮೇಲಕ್ಕೆ ಹೋಗಿ ನಿಲ್ಲುತ್ತದೆ. ವೋಲ್ಟೇಜ್ ಪೂರ್ತಿ ಮೇಲೆ ಹೋಗಿ ಅಂಟಿಕೊಂಡಿದ್ದರೆ ಕೌಂಟರಿನಿಂದ ಪಲ್ಸ್ ಬರುತ್ತಿಲ್ಲ: ಆಸಿಲೇಟರ್ ನಿಂತಿರಬೇಕು, ಇಲ್ಲವೇ ಅದರ ಸಿಗ್ನಲ್ ಕೌಂಟರಿಗೆ ಮುಟ್ಟುತ್ತಿಲ್ಲ. ಪೂರ್ತಿ ಕೆಳಗೆ ಬಿದ್ದಿದ್ದರೆ ರೆಫರೆನ್ಸ್ ಬರುತ್ತಿಲ್ಲ ಎಂದು ಮೊದಲ ಅನುಮಾನ, ಕ್ರಿಸ್ಟಲ್ಲನ್ನು ನೋಡಿ. ಕೆಳಗಿನ ಸ್ಟೇಷನ್‌ಗಳೆಲ್ಲ ಸರಿಯಿದ್ದು 108ರ ಹತ್ತಿರ ಮಾತ್ರ ಕೈಕೊಟ್ಟರೆ, ಆಸಿಲೇಟರಿಗೆ ಅಷ್ಟು ಮೇಲೇರಲು ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ, ಕಾಯಿಲ್ ಹೊಂದಿಸಬೇಕು. ಐಸಿ ಬದಲಿಸುವ ಯೋಚನೆ ಇದೆಲ್ಲ ನೋಡಿದ ಮೇಲಿರಲಿ.