ತಿಥಿಯ ಹುಟ್ಟುಹಬ್ಬ ಈ ವರ್ಷ ಯಾವತ್ತು?

ಗಾಂಧೀಜಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು. ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಇದು ಗೊತ್ತು. ಅವರ ಹುಟ್ಟೂರಾದ ಗುಜರಾತಿನಲ್ಲಿ ಅವರ ಜನ್ಮದಿನಕ್ಕೆ ಇನ್ನೊಂದು ಹೆಸರಿದೆ, ರೆಂಟಿಯಾ ಬಾರಸ್. ರೆಂಟಿಯೊ ಎಂದರೆ ಚರಕ, ಬಾರಸ್ ಎಂದರೆ ದ್ವಾದಶಿ. ಅವರು ಹುಟ್ಟಿದ ಭಾದ್ರಪದ ಬಹುಳ ದ್ವಾದಶಿಯೇ ಆ ದಿನ. ಅದು 2023ರಲ್ಲಿ ಅಕ್ಟೋಬರ್ 11ಕ್ಕೆ ಬಿತ್ತು, 2024ರಲ್ಲಿ ಸೆಪ್ಟೆಂಬರ್ 29ಕ್ಕೆ, 2025ರಲ್ಲಿ ಸೆಪ್ಟೆಂಬರ್ 18ಕ್ಕೆ. 2026ರಲ್ಲಿ ಮತ್ತೆ ಮುಂದಕ್ಕೆ ಹಾರಿ ಅಕ್ಟೋಬರ್ 7ಕ್ಕೆ ಬರುತ್ತದೆ.

ನಮ್ಮಲ್ಲಿ ಇದನ್ನೇ ವರ್ಧಂತಿ ಎನ್ನುತ್ತೇವೆ. ಮೈಸೂರು ಮಹಾರಾಜರಿಗೆ ವರ್ಧಂತಿ ನಡೆಯುತ್ತಿತ್ತು, ಚಾಮುಂಡಿ ಬೆಟ್ಟದಲ್ಲಿ ಆಷಾಢದಲ್ಲಿ ಅಮ್ಮನವರಿಗೆ ಈಗಲೂ ನಡೆಯುತ್ತದೆ. ಮನೆಗಳಲ್ಲಿ ಮಗುವಿನ ಮೊದಲ ವರ್ಷದ ಅಬ್ದಪೂರ್ತಿಯನ್ನು ತಿಥಿ ನೋಡಿಯೇ ಮಾಡುವವರು ಬಹಳ. ಎರಡನೆಯ ವರ್ಷದಿಂದ ತಿಥಿ ಕೈತಪ್ಪಿ ತಾರೀಖು ಉಳಿಯುತ್ತದೆ. ತಿಥಿ ಬೇಡವಾಗಿ ಹೀಗಾಗುವುದಿಲ್ಲ, ಅದು ಯಾವ ದಿನ ಬಂತು ಎಂದು ಕಂಡುಕೊಳ್ಳುವುದು ಗೊತ್ತಿಲ್ಲದೆ ಹೀಗಾಗುತ್ತದೆ ಎಂಬುದು ನನ್ನ ಅನಿಸಿಕೆ. ಕಂಡುಕೊಳ್ಳುವುದು ಅಂಥ ಕಷ್ಟವೇನಲ್ಲ.

ದಿನ ಹೀಗೆ ಹಿಂದೆ ಮುಂದೆ ಓಡಾಡುವುದೇಕೆ ಎಂಬುದನ್ನು ಮೊದಲು ನೋಡೋಣ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ನಮ್ಮ ಕ್ಯಾಲೆಂಡರಿನ ವರ್ಷಕ್ಕೆ 365. ಆದ್ದರಿಂದ ತಿಥಿ ವರ್ಷಕ್ಕೆ ಹತ್ತು ಹನ್ನೆರಡು ದಿನ ಹಿಂದೆ ಸರಿಯುತ್ತದೆ. ಹೀಗೇ ಬಿಟ್ಟರೆ ಯುಗಾದಿ ಚಳಿಗಾಲಕ್ಕೆ ಹೋಗಿಬಿಡುತ್ತದೆ. ಹಾಗಾಗಬಾರದೆಂದು ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಬರುತ್ತದೆ. 2026ರಲ್ಲಿ ಬಂದದ್ದು ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಆ ವರ್ಷ ಅದರ ನಂತರದ ತಿಥಿಗಳೆಲ್ಲ ಒಂದು ತಿಂಗಳು ಮುಂದಕ್ಕೆ ಹೋಗುತ್ತವೆ. ರೆಂಟಿಯಾ ಬಾರಸ್ ಸೆಪ್ಟೆಂಬರ್ 18ರಿಂದ ಅಕ್ಟೋಬರ್ 7ಕ್ಕೆ ಹಾರಿದ್ದು ಇದರಿಂದಲೇ. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿ ಮತ್ತು ತಾರೀಖು ಹೆಚ್ಚುಕಡಿಮೆ ಒಟ್ಟಿಗೆ ಬರುತ್ತವೆ. ನಿಮ್ಮ ಹತ್ತೊಂಬತ್ತನೆಯ, ಮೂವತ್ತೆಂಟನೆಯ, ಐವತ್ತೇಳನೆಯ ಹುಟ್ಟುಹಬ್ಬ ನೋಡಿ, ಬಹುಪಾಲು ಅದೇ ದಿನ ಅಥವಾ ಒಂದು ದಿನ ಆಚೀಚೆ ಇರುತ್ತದೆ. ಗಾಂಧೀಜಿ ಹುಟ್ಟಿ 152 ವರ್ಷವಾದ 2021ರಲ್ಲಿ, ಅಂದರೆ ಹತ್ತೊಂಬತ್ತರ ಎಂಟು ಸುತ್ತು ಮುಗಿದಾಗ, ಆ ದ್ವಾದಶಿ ಬಂದದ್ದು ಅಕ್ಟೋಬರ್ 3ಕ್ಕೆ.

ಈಗ ನಿಮ್ಮ ತಿಥಿ. ಹುಟ್ಟಿದ ತಾರೀಖು, ಹೊತ್ತು, ಊರು ಈ ಮೂರೂ ಬೇಕು. ಜಾತಕ ಬರೆಸಿದ್ದರೆ ಮಾಸ, ಪಕ್ಷ, ತಿಥಿ ಅದರಲ್ಲೇ ಇರುತ್ತವೆ. ಇಲ್ಲದಿದ್ದರೆ ಹುಟ್ಟಿದ ವರ್ಷದ ಪಂಚಾಂಗ ತೆರೆಯಬೇಕು, ಇಲ್ಲವೇ ಮೊಬೈಲಿನ ಪಂಚಾಂಗದಲ್ಲಿ ಆ ದಿನಕ್ಕೆ ಹಿಂದೆ ಹೋಗಬೇಕು. ಬಹಳ ಜನ ಎಡವುವುದು ಇಲ್ಲೇ. ಆ ದಿನದ ಎದುರಿಗೆ ಬರೆದಿರುವುದು ಸೂರ್ಯೋದಯದ ಹೊತ್ತಿನ ತಿಥಿ. ನೀವು ಹುಟ್ಟುವ ಹೊತ್ತಿಗೆ ಅದು ಮುಗಿದಿರಬಹುದು. ಚಂದ್ರ ಸೂರ್ಯನಿಂದ ಹನ್ನೆರಡು ಡಿಗ್ರಿ ಮುಂದೆ ಸರಿಯುವಷ್ಟು ಕಾಲವೇ ಒಂದು ತಿಥಿ. ಚಂದ್ರನ ನಡಿಗೆಯ ವೇಗ ಒಂದೇ ಸಮ ಇರುವುದಿಲ್ಲವಾದ್ದರಿಂದ ಒಂದು ತಿಥಿ ಹತ್ತೊಂಬತ್ತು ಗಂಟೆಗೂ ಮುಗಿದೀತು, ಇಪ್ಪತ್ತಾರು ಗಂಟೆಯವರೆಗೂ ಎಳೆದೀತು.

ಹಳೆಯ ಪಂಚಾಂಗದಲ್ಲಿ ‘ಏಕಾದಶಿ 22-30’ ಎಂದು ಇದೆ ಎನ್ನಿ. ಸೂರ್ಯೋದಯದಿಂದ ಇಪ್ಪತ್ತೆರಡೂವರೆ ಘಳಿಗೆ ಏಕಾದಶಿ ಇದೆ ಎಂದು ಅದರ ಅರ್ಥ. ಘಳಿಗೆಗೆ 24 ನಿಮಿಷ, ಒಟ್ಟು ಒಂಬತ್ತು ಗಂಟೆ. ಸೂರ್ಯೋದಯ 6 ಗಂಟೆ 10 ನಿಮಿಷಕ್ಕಾದರೆ ಏಕಾದಶಿ ಮುಗಿಯುವುದು ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ. ಆ ದಿನ ಮಧ್ಯಾಹ್ನ ಎರಡಕ್ಕೆ ಹುಟ್ಟಿದ ಮಗುವಿನದು ಏಕಾದಶಿ, ನಾಲ್ಕಕ್ಕೆ ಹುಟ್ಟಿದ ಮಗುವಿನದು ದ್ವಾದಶಿ. ಬೆಳಗಿನ ಜಾವ ಮೂರಕ್ಕೆ ಹುಟ್ಟಿದವರು ಹಿಂದಿನ ದಿನದ ಸಾಲನ್ನು ನೋಡಬೇಕು. ಪಂಚಾಂಗದ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಮಧ್ಯರಾತ್ರಿಗಲ್ಲ.

ತಿಥಿ ಸಿಕ್ಕ ಮೇಲೆ ಈ ವರ್ಷದ ಪಂಚಾಂಗದಲ್ಲಿ ಅದೇ ಮಾಸ, ಅದೇ ಪಕ್ಷಕ್ಕೆ ಹೋಗಿ, ಯಾವ ದಿನ ಸೂರ್ಯೋದಯಕ್ಕೆ ಆ ತಿಥಿ ಇದೆಯೋ ಆ ದಿನ ಹುಟ್ಟುಹಬ್ಬ. ರೂಢಿಯಲ್ಲಿರುವುದು ಇಷ್ಟೇ. ಕೆಲವೊಮ್ಮೆ ತಿಥಿ ಒಂದು ಸೂರ್ಯೋದಯದ ನಂತರ ಹುಟ್ಟಿ ಮರುದಿನದ ಸೂರ್ಯೋದಯಕ್ಕೆ ಮೊದಲೇ ಮುಗಿದುಹೋಗುತ್ತದೆ. ಅದು ಕ್ಷಯ ತಿಥಿ, ಅದು ಇದ್ದ ದಿನವೇ ಆಚರಣೆ. ಎರಡು ಸೂರ್ಯೋದಯಕ್ಕೂ ಇದ್ದರೆ ಮನೆಯ ಪುರೋಹಿತರನ್ನು ಕೇಳಿ, ಒಂದೊಂದು ಮನೆಯದು ಒಂದೊಂದು ಪದ್ಧತಿ. ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ತಿಥಿ ಮುಗಿಯುವ ಹೊತ್ತಿನಲ್ಲಿ ಕೆಲವು ಗಂಟೆಗಳ ವ್ಯತ್ಯಾಸ ಬರುವುದುಂಟು. ಹುಟ್ಟಿದ ತಿಥಿಯನ್ನೂ ಈ ವರ್ಷದ ದಿನವನ್ನೂ ಒಂದೇ ಬಗೆಯ ಪಂಚಾಂಗದಿಂದ ತೆಗೆಯುವುದು ಲೇಸು.

ಮೊಬೈಲಿನಲ್ಲಿ ನೋಡುವವರು ಒಂದು ಗುರುತು ಪರೀಕ್ಷಿಸಲೇಬೇಕು, ಅಮಾಂತವೋ ಪೂರ್ಣಿಮಾಂತವೋ ಎಂದು. ನಮ್ಮಲ್ಲಿ, ಗುಜರಾತಿನಲ್ಲಿ ಕೂಡ, ಮಾಸ ಮುಗಿಯುವುದು ಅಮಾವಾಸ್ಯೆಗೆ. ಉತ್ತರದಲ್ಲಿ ಹುಣ್ಣಿಮೆಗೆ. ಶುಕ್ಲ ಪಕ್ಷದಲ್ಲಿ ಹುಟ್ಟಿದವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಬಹುಳದಲ್ಲಿ ಹುಟ್ಟಿದವರಿಗೆ ಮಾತ್ರ ಮಾಸದ ಹೆಸರೇ ಬದಲಾಗುತ್ತದೆ. ನಮ್ಮ ಭಾದ್ರಪದ ಬಹುಳ ದ್ವಾದಶಿ ಕಾಶಿಯ ಪಂಚಾಂಗದಲ್ಲಿ ಆಶ್ವಿನ ಕೃಷ್ಣ ದ್ವಾದಶಿ. ಪೂರ್ಣಿಮಾಂತ ಇಟ್ಟುಕೊಂಡು ಭಾದ್ರಪದ ಎಂದು ಹುಡುಕಿದರೆ ಹುಟ್ಟುಹಬ್ಬ ಒಂದು ತಿಂಗಳು ಮೊದಲೇ ಸಿಗುತ್ತದೆ. ದಿನ ಸರಿಯಾಗಿದೆಯೇ ಎಂದು ತಿಳಿಯಲು ಹತ್ತಿರದ ದೊಡ್ಡ ಹಬ್ಬದಿಂದ ಎಣಿಸಿ. ಮಹಾಲಯ ಅಮಾವಾಸ್ಯೆ 2026ರಲ್ಲಿ ಅಕ್ಟೋಬರ್ 10ಕ್ಕೆ. ದ್ವಾದಶಿ ಅದಕ್ಕೆ ಮೂರು ದಿನ ಹಿಂದೆ ಇರಬೇಕು, ಇದೆ.

ಜ್ಯೇಷ್ಠದಲ್ಲಿ ಹುಟ್ಟಿದವರಿಗೆ 2026ರಲ್ಲಿ ಎರಡು ಜ್ಯೇಷ್ಠ. ವರ್ಧಂತಿಗೆ ನಿಜ ಜ್ಯೇಷ್ಠವನ್ನೇ ಹಿಡಿಯುತ್ತಾರೆ, ಜೂನ್ 16ರಿಂದ ಶುರುವಾದದ್ದು. 2023ರ ಅಧಿಕ ಶ್ರಾವಣದಲ್ಲಿ ಹುಟ್ಟಿದ ಮಕ್ಕಳಿಗೆ ಪ್ರತಿವರ್ಷ ಬರುವ ಸಾಮಾನ್ಯ ಶ್ರಾವಣವೇ ಹುಟ್ಟಿದ ತಿಂಗಳು.

ಹೊರದೇಶದಲ್ಲಿರುವ ಮಕ್ಕಳಿಗೆ ಇಲ್ಲಿನ ದಿನ ಹೇಳುವಾಗ ತುಸು ತಡೆಯಿರಿ. ತಿಥಿ ಮುಗಿಯುವ ಕ್ಷಣ ಲೋಕಕ್ಕೆಲ್ಲ ಒಂದೇ, ಸೂರ್ಯೋದಯ ಊರೂರಿಗೆ ಬೇರೆ. 2024ರ ಆ ದ್ವಾದಶಿ ನಮ್ಮಲ್ಲಿ ಸೆಪ್ಟೆಂಬರ್ 29ರ ಸಂಜೆ ಸುಮಾರು 4 ಗಂಟೆ 45 ನಿಮಿಷದವರೆಗೆ ಇತ್ತು, ಹಾಗಾಗಿ ಭಾನುವಾರ ಆಚರಣೆ. ಅದೇ ಕ್ಷಣ ಕ್ಯಾಲಿಫೋರ್ನಿಯಾದಲ್ಲಿ ಭಾನುವಾರ ಬೆಳಗಿನ ಜಾವ 4 ಗಂಟೆ 15 ನಿಮಿಷ. ಅಲ್ಲಿ ಸೂರ್ಯ ಹುಟ್ಟುವಾಗ ತ್ರಯೋದಶಿ ಬಂದಾಗಿತ್ತು. ಅಲ್ಲಿನವರಿಗೆ ದ್ವಾದಶಿ ಶನಿವಾರವೇ ಬಂದು ಹೋಗಿತ್ತು. ಪಂಚಾಂಗದಲ್ಲಿ ಅವರು ಈಗ ಇರುವ ಊರನ್ನು ಹಾಕಿ ನೋಡುವುದೇ ಸರಿ. ಹುಟ್ಟಿದ ತಿಥಿ ತೆಗೆಯುವಾಗ ಮಾತ್ರ ಹುಟ್ಟಿದ ಊರು.

ಮನೆಯಲ್ಲಿ ಹಿರಿಯರು ಇರುವಾಗಲೇ ಅವರವರ ಮಾಸ, ಪಕ್ಷ, ತಿಥಿ, ಹುಟ್ಟಿದ ಹೊತ್ತು ಮತ್ತು ಊರು, ಮಾಸ ಅಧಿಕವಾಗಿದ್ದರೆ ಅದನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಯುಗಾದಿಗೆ ಹೊಸ ಪಂಚಾಂಗ ತಂದ ದಿನವೇ ಎಲ್ಲರ ವರ್ಧಂತಿಯನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ.