ಕೊಂಡಿಯೋ, ಲಿಂಕೋ? ಬೆರಕೆ ಬರಹ ತಿದ್ದುವ ಬಗೆ

ಬ್ಯಾಂಕಿನ ಗೋಡೆಯ ಮೇಲಿನ ಎಚ್ಚರಿಕೆಯ ನೋಟೀಸನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಪಿಂಚಣಿ ಹಣಕ್ಕೆ ಸಾಲಿನಲ್ಲಿ ನಿಂತವರು ಹೊತ್ತು ಹೋಗಲೆಂದು ಓದುತ್ತಾರೆ. ಆದರೆ ಕನ್ನಡವೂ ಇಂಗ್ಲಿಷೂ ಬೆರೆತ ಬರಹವನ್ನು ಹೇಗೆ ತಿದ್ದಬೇಕು ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಬ್ಯಾಂಕಿನ ವ್ಯವಹಾರದಲ್ಲಿ ಇಂಗ್ಲಿಷನ್ನು ಪೂರ್ತಿ ಬಿಡಲಾಗದು. ಹಾಗೆಂದು ಇಂಗ್ಲಿಷು ಹೆಚ್ಚಾದರೆ ಯಾರಿಗಾಗಿ ಬರೆದದ್ದೋ ಅವರಿಗೇ ತಿಳಿಯದು.

ಆನ್‌ಲೈನ್ ವಂಚನೆಯ ಬಗ್ಗೆ ಗ್ರಾಹಕರನ್ನು ಎಚ್ಚರಿಸಲು ಹೀಗೊಂದು ಕರಡು ಸಿದ್ಧವಾಯಿತೆಂದು ಇಟ್ಟುಕೊಳ್ಳಿ:

“ಆತ್ಮೀಯ ಕಸ್ಟಮರ್ಸ್‌ಗಳೇ, ನಿಮ್ಮ ಅಕೌಂಟ್‌ನ ಕೆವೈಸಿ ಅಪ್‌ಡೇಟ್ ಮಾಡುವುದಾಗಿ ಹೇಳುವ ಕರೆಗಳನ್ನು ನಂಬಬೇಡಿ. ನಿಮ್ಮ ಓಟಿಪಿ, ಪಿನ್ ಹಾಗೂ ಗುಪ್ತಪದವನ್ನು ಯಾರಿಗೂ ಶೇರ್ ಮಾಡಬಾರದು. ಅಪರಿಚಿತ ಕೊಂಡಿಯನ್ನು ಕ್ಲಿಕ್ಕಿಸಬೇಡಿ. ಲಿಂಕ್ ಓಪನ್ ಮಾಡಿದರೆ ನಿಮ್ಮ ಖಾತೆಯಿಂದ ಹಣ ಡೆಬಿಟ್ ಆಗಬಹುದು. ಫ್ರಾಡ್ ಆದಲ್ಲಿ ಇಮ್ಮಿಡಿಯೇಟ್ ಆಗಿ 1930ಗೆ ಕಾಲ್ ಮಾಡಿ ಕಂಪ್ಲೇಂಟ್ ರಿಜಿಸ್ಟರ್ ಮಾಡತಕ್ಕದ್ದು.”

ಇಂಥ ಬರಹ ನೋಡಿದ ಕೂಡಲೇ ‘ಇಂಗ್ಲಿಷು ಜಾಸ್ತಿಯಾಯಿತು’ ಎಂದು ಎಲ್ಲರೂ ಹೇಳುತ್ತಾರೆ. ನಿಜವಾದ ತೊಡಕು ಬೇರೆಯೇ ಇದೆ. ಮೊದಲ ವಾಕ್ಯದಲ್ಲಿ ‘ಅಕೌಂಟ್’ ಇದ್ದದ್ದು ನಾಲ್ಕನೆಯದರಲ್ಲಿ ‘ಖಾತೆ’ಯಾಗಿದೆ. ‘ಕೊಂಡಿ’ ಒಂದೇ ವಾಕ್ಯ ಕಳೆಯುವಷ್ಟರಲ್ಲಿ ‘ಲಿಂಕ್’ ಆಗಿದೆ, ‘ಕರೆ’ ಕೊನೆಗೆ ‘ಕಾಲ್’ ಆಗಿದೆ. ಬರೆದವರಿಗೆ ಇವು ಸಮಾನ ಪದಗಳು. ಮೊಬೈಲ್ ಬಳಸಲು ಈಚೆಗೆ ಕಲಿತವರು ಮಾತ್ರ ಕೊಂಡಿ ಬೇರೆ, ಲಿಂಕ್ ಬೇರೆ ಎಂದುಕೊಂಡಾರು. ಕತೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದರೆ ಬೇಸರವಾಗುತ್ತದೆ. ಸೂಚನೆಯಲ್ಲಿ ಒಂದು ವಸ್ತುವಿಗೆ ಎರಡು ಹೆಸರು ಬಂದರೆ ಗೊಂದಲವಾಗುತ್ತದೆ.

ಹಾಗಾಗಿ ಅನುಭವಿ ಉಪಸಂಪಾದಕರು ಮೊದಲು ವಾಕ್ಯ ತಿದ್ದಲು ಹೋಗುವುದಿಲ್ಲ. ಕರಡಿನಲ್ಲಿರುವ ಇಂಗ್ಲಿಷ್ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಮೂರು ಪಾಲು ಮಾಡುತ್ತಾರೆ.

ಮೊದಲ ಪಾಲು, ಕನ್ನಡದಲ್ಲಿ ಬೇರುಬಿಟ್ಟ ಪದಗಳದ್ದು: ಬ್ಯಾಂಕು, ಚೆಕ್ಕು, ಪಾಸ್‌ಬುಕ್ಕು, ಫೋನು, ಮೊಬೈಲು, ಪಾಸ್‌ವರ್ಡು, ಲಿಂಕು. ಇವನ್ನು ಕನ್ನಡಕ್ಕೆ ತಿರುಗಿಸಲು ಹೋದರೆ ಓದುಗರು ಹಿಂದುಳಿಯುತ್ತಾರೆ. ‘ಗುಪ್ತಪದ’ ತಪ್ಪಲ್ಲ, ಆದರೆ ‘ಗುಪ್ತಪದ ಮರೆತುಹೋಯಿತು ಸಾರ್’ ಎಂದು ಕೌಂಟರಿನಲ್ಲಿ ಕೇಳುವವರು ಅಪರೂಪ. ಹೊಸದಾಗಿ ಕಟ್ಟಿದ ಪದಗಳೆಲ್ಲ ಹೀಗೆ ಸೋಲುತ್ತವೆ ಎಂದೂ ಅಲ್ಲ. ‘ಸಹಾಯವಾಣಿ’ ಜನರ ಬಾಯಲ್ಲೇ ನಿಂತಿದೆ, ‘ಜಾಲತಾಣ’ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಓದುಗರು ಆ ಪದವನ್ನು ತಾವಾಗಿ ಆಡುತ್ತಾರೆಯೇ ಎಂಬುದೊಂದೇ ಇಲ್ಲಿಯ ಒರೆಗಲ್ಲು.

ಎರಡನೆಯ ಪಾಲು ಸುಲಭ: ಕಸ್ಟಮರ್, ಅಕೌಂಟ್, ಫ್ರಾಡ್, ಇಮ್ಮಿಡಿಯೇಟ್, ಕಂಪ್ಲೇಂಟ್, ರಿಜಿಸ್ಟರ್. ಇವಕ್ಕೆಲ್ಲ ಎಲ್ಲರೂ ಬಲ್ಲ ಕನ್ನಡವಿದೆ: ಗ್ರಾಹಕ, ಖಾತೆ, ಮೋಸ, ಕೂಡಲೇ, ದೂರು, ಕೊಡು. ಅದರಲ್ಲೂ ‘ಇಮ್ಮಿಡಿಯೇಟ್ ಆಗಿ’ ಎಂಬುದನ್ನು ತಿದ್ದದೆ ಬಿಡುವಂತಿಲ್ಲ, ಏಕೆಂದರೆ ಇಡೀ ನೋಟೀಸಿನ ತಿರುಳೇ ಆ ಪದದಲ್ಲಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಗುಟ್ಟಿನ ವಿವರ ಬಿಟ್ಟುಕೊಟ್ಟು ಹಣ ಕಳೆದುಕೊಂಡರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ. ತಿಳಿಸಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕು ಹೊರಬೇಕು. ಹೊತ್ತು ಹೋದಷ್ಟೂ ಹಣ ಹೋಗುವ ಸಂದರ್ಭದಲ್ಲಿ ‘ಕೂಡಲೇ’ ಎಂಬುದು ಎಲ್ಲರಿಗೂ ತಿಳಿಯುವ ಮಾತಿನಲ್ಲೇ ಇರಬೇಕು. ಕರಡು ತಿಳಿಸಬೇಕಾದ ಒಂದು ಸಂಗತಿಯನ್ನು ಬಿಟ್ಟೂ ಇದೆ: ಬ್ಯಾಂಕಿಗೂ ತಿಳಿಸಿ ಎಂಬ ಮಾತೇ ಅದರಲ್ಲಿಲ್ಲ. ಪದಗಳನ್ನು ತೂಗುತ್ತ ಹೋದಾಗ ಇಂಥ ಕೊರತೆಯೂ ಕಣ್ಣಿಗೆ ಬೀಳುತ್ತದೆ.

ಮೂರನೆಯ ಪಾಲಿನದು ಪರದೆಯ ಮೇಲೆ ಕಾಣುವ ಪದಗಳು. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ನೋಟೀಸಿನಲ್ಲಿ ‘ಓಟಿಪಿ’ ಎಂದಿರುತ್ತದೆ, ಮೊಬೈಲಿಗೆ ಬರುವ ಮೆಸೇಜಿನಲ್ಲಿ OTP ಎಂದು ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಕನ್ನಡವಷ್ಟೇ ಓದಬಲ್ಲವರು ಎರಡನ್ನೂ ಜೋಡಿಸಿಕೊಳ್ಳುವುದು ಹೇಗೆ? ಒಂದು ಸಲವಾದರೂ ಪರದೆಯ ಮೇಲಿನ ರೂಪವನ್ನೇ ನೋಟೀಸಿನಲ್ಲಿ ತೋರಿಸಬೇಕು. ‘Pay ಎಂಬ ಗುಂಡಿ ಒತ್ತಬೇಡಿ’ ಎಂದು ಹೇಳುವಾಗಲೂ ಅಷ್ಟೇ. ಅದನ್ನು ‘ಪಾವತಿ ಗುಂಡಿ’ ಎಂದು ತಿದ್ದಿದರೆ ಓದುಗರು ಆ ಹೆಸರಿನ ಗುಂಡಿಯನ್ನು ಹುಡುಕುತ್ತ ಕೂರುತ್ತಾರೆ. ಆ್ಯಪನ್ನೇ ಕನ್ನಡಕ್ಕೆ ಬದಲಿಸಿಕೊಂಡವರಿಗೆ ಬರೆಯುವಾಗ ಮಾತ್ರ ಅಲ್ಲಿ ಕಾಣುವ ಕನ್ನಡ ಹೆಸರನ್ನು ಕೊಡಬೇಕು.

ಪಾಲು ಮಾಡಿದ ಮೇಲೆ ಪ್ರತ್ಯಯಗಳ ಸರದಿ. ಇಂಗ್ಲಿಷ್ ಪದಕ್ಕೆ ಕನ್ನಡ ವಿಭಕ್ತಿ ಸೇರಿಸಲು ಎರಡು ದಾರಿಗಳು ಬಳಕೆಯಲ್ಲಿವೆ. ಬಸ್ಸಿಗೆ, ಬ್ಯಾಂಕಿಗೆ, ಕಾರಿನಲ್ಲಿ ಎಂಬುದು ಹಳೆಯ ದಾರಿ. ಇಲ್ಲಿ ಪದ ಉಕಾರ ಹಚ್ಚಿಕೊಂಡು ಅಚ್ಚಗನ್ನಡ ಪದದಂತೆ ನಡೆಯುತ್ತದೆ. ಬಸ್‌ಗೆ, ಬ್ಯಾಂಕ್‌ಗೆ, ಕಾರ್‌ನಲ್ಲಿ ಎಂಬುದು ಹೊಸ ದಾರಿ. ಇಲ್ಲಿ ಪದ ಇದ್ದಂತೆಯೇ ಉಳಿದು ಪ್ರತ್ಯಯ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಎರಡೂ ಸರಿ, ಆದರೆ ಒಂದೇ ಪುಟದಲ್ಲಿ ‘ಬ್ಯಾಂಕಿಗೆ’ ಮತ್ತು ‘ಬ್ಯಾಂಕ್‌ಗೆ’ ಎರಡೂ ಇರಬಾರದು. ಹಳೆಯ ಪದಕ್ಕೆ ಹಳೆಯ ದಾರಿ, ‘ಆ್ಯಪ್‌ಗೆ’ ಎಂಬಂಥ ಹೊಸ ಪದಕ್ಕೆ ಹೊಸ ದಾರಿ ಎಂದು ಗೊತ್ತುಮಾಡಿಕೊಂಡರೂ ಆದೀತು. ಹಾಗೆ ಮಾಡುವವರು ಯಾವ ಪದ ಯಾವ ಗುಂಪಿನದೆಂದು ಪದಪಟ್ಟಿಯಲ್ಲಿ ಬರೆದಿಡಬೇಕು. ಸ್ವರದಲ್ಲಿ ಮುಗಿಯುವ ಪದಗಳಿಗೆ ಈ ತಾಪತ್ರಯವಿಲ್ಲ: ಓಟಿಪಿಗೆ, ಓಟಿಪಿಯನ್ನು, ಓಟಿಪಿಯಿಂದ ಎಂದು ಅವು ನೆಟ್ಟಗೆ ನಡೆಯುತ್ತವೆ.

ಬಹುವಚನದ ತಪ್ಪು ಇದಕ್ಕಿಂತ ಎದ್ದು ಕಾಣುತ್ತದೆ. ‘ಕಸ್ಟಮರ್ಸ್‌ಗಳೇ’ ಎಂಬಲ್ಲಿ ಇಂಗ್ಲಿಷಿನ ಬಹುವಚನವೂ ಕನ್ನಡದ ಬಹುವಚನವೂ ಒಟ್ಟಿಗಿವೆ. ‘ಡಾಕ್ಯುಮೆಂಟ್ಸ್‌ಗಳು’, ‘ಸ್ಟೂಡೆಂಟ್ಸ್‌ಗಳು’ ಇದೇ ಜಾತಿಯವು. ಇಂಗ್ಲಿಷಿನ ಏಕವಚನಕ್ಕೆ ಕನ್ನಡದ ‘ಗಳು’ ಸೇರಿಸಿದರೆ ಮುಗಿಯಿತು.

ಸಂಖ್ಯೆಗೆ ಪ್ರತ್ಯಯ ಹಚ್ಚುವಾಗ ಇನ್ನೊಂದು ತೊಡಕಿದೆ. 1930 ಎಂಬುದನ್ನು ‘ಸಾವಿರದ ಒಂಬೈನೂರ ಮೂವತ್ತು’ ಎಂದು ಓದುವವರಿಗೆ ‘1930ಕ್ಕೆ’ ಸರಿ. ‘ಒನ್ ನೈನ್ ತ್ರೀ ಜೀರೋ’ ಎನ್ನುವವರಿಗೆ ‘1930ಗೆ’ ಸರಿ. ‘1930 ನಂಬರಿಗೆ’ ಎಂದು ಬರೆದುಬಿಟ್ಟರೆ ಇಬ್ಬರಿಗೂ ಹೊಂದುತ್ತದೆ.

ಇಷ್ಟು ತಿದ್ದಿದ ಮೇಲೆ ತಾಲ್ಲೂಕು ಶಾಖೆಯ ಗೋಡೆಗೆ ಹೋಗುವ ನೋಟೀಸು ಹೀಗಾಗುತ್ತದೆ:

“ಗ್ರಾಹಕರೇ, ಎಚ್ಚರಿಕೆ! ಕೆವೈಸಿ ಸರಿಪಡಿಸುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ನಂಬಬೇಡಿ. ಮೆಸೇಜಿನಲ್ಲಿ OTP ಎಂಬ ಅಕ್ಷರಗಳ ಜೊತೆ ಬರುವ ಅಂಕಿಯನ್ನು ಯಾರಿಗೂ ಹೇಳಬೇಡಿ. ಪಿನ್ ನಂಬರನ್ನೂ ಪಾಸ್‌ವರ್ಡನ್ನೂ ಹೇಳಬೇಡಿ. ಗೊತ್ತಿಲ್ಲದವರು ಕಳಿಸಿದ ಲಿಂಕನ್ನು ಒತ್ತಬೇಡಿ. ಒತ್ತಿದರೆ ನಿಮ್ಮ ಖಾತೆಯ ಹಣ ಹೋಗಬಹುದು. ಮೋಸವಾಯಿತೆಂದು ಗೊತ್ತಾದ ಕೂಡಲೇ 1930 ನಂಬರಿಗೆ ಫೋನ್ ಮಾಡಿ ದೂರು ಕೊಡಿ. ಬ್ಯಾಂಕಿಗೂ ತಿಳಿಸಿ.”

ಇದೇ ಎಚ್ಚರಿಕೆ ಕಾಲೇಜು ವಿದ್ಯಾರ್ಥಿಗಳ ಮೊಬೈಲಿಗೆ ಹೋಗಬೇಕಾದರೆ ಮೇಲಿನ ಬರಹ ಹೊಂದುವುದಿಲ್ಲ. ಅವರಿಗೆ ಓಟಿಪಿ ಎಂದರೇನೆಂದು ಬಿಡಿಸಿ ಹೇಳುವುದೇ ಅಧಿಕಪ್ರಸಂಗ. ಅವರಿಗಾಗಿ ಪದಪಟ್ಟಿಯನ್ನೇ ಬದಲಿಸಬೇಕು:

“ಕೆವೈಸಿ ಅಪ್‌ಡೇಟ್ ಮಾಡಿ ಅಂತ ಕಾಲ್ ಬಂತಾ? ನಂಬಬೇಡಿ. ಓಟಿಪಿ, ಯುಪಿಐ ಪಿನ್ ಯಾರಿಗೂ ಶೇರ್ ಮಾಡಬೇಡಿ. ಗೊತ್ತಿಲ್ಲದ ಲಿಂಕ್ ಓಪನ್ ಮಾಡಬೇಡಿ, ಅದರಿಂದ ಆ್ಯಪ್ ಇನ್‌ಸ್ಟಾಲ್ ಮಾಡಬೇಡಿ. ದುಡ್ಡು ಹೋದರೆ ತಕ್ಷಣ 1930 ನಂಬರಿಗೆ ಕಾಲ್ ಮಾಡಿ, ಇಲ್ಲವೇ cybercrime.gov.in ಜಾಲತಾಣದಲ್ಲಿ ದೂರು ಕೊಡಿ. ಬ್ಯಾಂಕಿಗೂ ತಿಳಿಸಿ.”

ಇಂಗ್ಲಿಷು ಇಲ್ಲಿ ಹೆಚ್ಚಿದೆ, ಆದರೂ ಕರಡಿನಂತೆ ಎಲ್ಲೂ ಎಡವುವುದಿಲ್ಲ. ‘ಕಾಲ್’ ಮೊದಲಿಂದ ಕೊನೆಯವರೆಗೂ ಕಾಲ್ ಆಗಿಯೇ ಇದೆ. ಕ್ರಿಯಾಪದಗಳೆಲ್ಲ ‘ಮಾಡು’ ಹಚ್ಚಿಕೊಂಡು ಒಂದೇ ಬಗೆಯಲ್ಲಿ ನಡೆದಿವೆ. ಒಂದು ಕಡೆ ‘ಕ್ಲಿಕ್ಕಿಸಿ’, ಇನ್ನೊಂದು ಕಡೆ ‘ಓಪನ್ ಮಾಡಿ’ ಎಂದು ಬಂದಿಲ್ಲ. ‘ಮಾಡತಕ್ಕದ್ದು’ ಎಂಬ ಕಚೇರಿಯ ಕನ್ನಡವೂ ‘ಶೇರ್’ ಎಂಬ ಹರಟೆಯ ಇಂಗ್ಲಿಷೂ ಒಂದೇ ಪಂಕ್ತಿಯಲ್ಲಿ ಕೂತಿಲ್ಲ.

ಪದಪಟ್ಟಿ ಸಿದ್ಧವಾದರೂ ದೊಡ್ಡ ಬರಹದಲ್ಲಿ ಅದನ್ನು ಪಾಲಿಸಲಾಗಿದೆಯೇ ಎಂದು ಕಣ್ಣಿನಿಂದಷ್ಟೇ ಹುಡುಕಿದರೆ ಸಾಲದು, ಕಂಪ್ಯೂಟರಿನ ನೆರವು ಬೇಕು. ‘ಅಕೌಂಟ್’ ಎಂದು ಪೂರ್ತಿ ಟೈಪಿಸಿ ಹುಡುಕಿದರೆ ‘ಅಕೌಂಟಿಗೆ’, ‘ಅಕೌಂಟಿನಿಂದ’ ಸಿಗದೆ ತಪ್ಪಿಸಿಕೊಳ್ಳುತ್ತವೆ, ಏಕೆಂದರೆ ಅಲ್ಲಿ ‘ಟ್’ ಹೋಗಿ ‘ಟಿ’ ಬಂದಿರುತ್ತದೆ. ಕೊನೆಯ ಅಕ್ಷರ ಬಿಟ್ಟು ‘ಅಕೌಂ’ ಎಂದಷ್ಟೇ ಹುಡುಕಿದರೆ ಎಲ್ಲ ರೂಪಗಳೂ ಬಲೆಗೆ ಬೀಳುತ್ತವೆ. ಕಾಗುಣಿತವೇ ಬೇರೆಯಾಗಿದ್ದರೆ ಒಂದೊಂದನ್ನೂ ಬೇರೆಯಾಗಿ ಹುಡುಕಬೇಕು: ಆ್ಯಪ್ ಮತ್ತು ಆಪ್, ಸ್ಟೇಷನ್ ಮತ್ತು ಸ್ಟೇಶನ್, ಓಟಿಪಿ ಮತ್ತು ಒಟಿಪಿ.

ಕಣ್ಣಿಗೆ ಕಾಣದ ಇನ್ನೊಂದು ಅಕ್ಷರವೂ ಕಾಡುತ್ತದೆ. ‘ಬ್ಯಾಂಕ್‌ಗೆ’ ಎಂಬಲ್ಲಿ ಕ್ ಮತ್ತು ಗೆ ಒತ್ತಕ್ಷರವಾಗದಂತೆ ತಡೆಯಲು ನಡುವೆ ಅಗಲವಿಲ್ಲದ ಒಂದು ಸಂಕೇತ ಇರುತ್ತದೆ. ಯೂನಿಕೋಡಿನಲ್ಲಿ ಅದರ ಗುರುತು U+200C. ಅದು ಬಿಟ್ಟುಹೋದರೆ ಪದ ‘ಬ್ಯಾಂಕ್ಗೆ’ ಎಂದು ಗಂಟುಬೀಳುತ್ತದೆ. ಬರಹವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಅದು ಅಳಿಸಿಹೋಗುವುದುಂಟು, ಆದ್ದರಿಂದ ಅಚ್ಚಿಗೆ ಹೋಗುವ ಕೊನೆಯ ಪ್ರತಿಯಲ್ಲೂ ಇದನ್ನು ನೋಡಬೇಕು. ಮೈಕ್ರೋಸಾಫ್ಟ್ ವರ್ಡಿನಲ್ಲಿ 200C ಎಂದು ಟೈಪಿಸಿ Alt+X ಒತ್ತಿದರೆ ಆ ಸಂಕೇತ ಸೇರಿಕೊಳ್ಳುತ್ತದೆ.

ಈ ಕಟ್ಟುಪಾಡಿಗೆ ಒಳಪಡದ ಜಾಗವೂ ಇದೆ. ಅದು ಪಾತ್ರಗಳ ಮಾತು. ಟಿ.ಪಿ. ಕೈಲಾಸಂ ನಾಟಕಗಳಲ್ಲಿ ಇಂಗ್ಲಿಷ್ ಕಲಿತ ಮೈಸೂರು ಸೀಮೆಯವರು ಆಡುವ ಬೆರಕೆ ಮಾತೇ ಆ ಪಾತ್ರಗಳ ಗುರುತು. ಅದನ್ನು ಪದಪಟ್ಟಿಗೆ ಹೊಂದಿಸಿದರೆ ಪಾತ್ರವೇ ಉಳಿಯದು. ಸಂದರ್ಶನ ತಿದ್ದುವಾಗಲೂ ಹಾಗೆಯೇ. ಮಾತನಾಡಿದವರು ಒಮ್ಮೆ ‘ಸ್ಕೂಲು’, ಒಮ್ಮೆ ‘ಶಾಲೆ’ ಎಂದಿದ್ದರೆ ಎರಡನ್ನೂ ಉಳಿಸಿ, ಕಾಗುಣಿತವನ್ನಷ್ಟೇ ಒಂದೇ ರೀತಿ ಮಾಡಿದರೆ ಸಾಕು.

ನೋಟೀಸಿಗೆ ಈ ರಿಯಾಯಿತಿ ಇಲ್ಲ. ತಿದ್ದಿದವರೇ ಅದನ್ನು ಹತ್ತು ಸಲ ಓದಿದರೂ ತಪ್ಪು ಕಾಣುವುದಿಲ್ಲ, ಏಕೆಂದರೆ ಅರ್ಥ ಅವರಿಗೆ ಮೊದಲೇ ಗೊತ್ತು. ಆದ್ದರಿಂದ ಅಂಟಿಸುವ ಮೊದಲು ಒಂದು ಪ್ರತಿಯನ್ನು ಕೌಂಟರಿನ ಮುಂದೆ ಕೂತ ಯಾರಿಗಾದರೂ ಕೊಟ್ಟು ಗಟ್ಟಿಯಾಗಿ ಓದಿಸಿ. ಎಲ್ಲಿ ತಡವರಿಸಿದರು ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಹಾಳೆ ಮಗುಚಿಟ್ಟು, ‘ಹಣ ಹೋದರೆ ಮೊದಲು ಏನು ಮಾಡ್ತೀರಿ?’ ಎಂದು ಕೇಳಿ. ಅವರ ಉತ್ತರದಲ್ಲಿ 1930 ಬರದಿದ್ದರೆ ನೋಟೀಸನ್ನು ಇನ್ನೊಮ್ಮೆ ತಿದ್ದಿ.